ಚೀಟಿ ಇಲ್ಲದ ಚೀಲ

ಆ ಬೀದಿಯಲ್ಲಿ ಅವಳ ಹೆಸರು ಲೇಬಲ್ಲಕ್ಕ. ಇಟ್ಟವರು ಗೇಲಿಗೆಂದು ಇಟ್ಟ ಹೆಸರು. ಅವಳು ಅದನ್ನು ಬಿರುದಿನ ಹಾಗೆ ಹೊತ್ತು ಮೆರೆದಳು. ಅಂಗಡಿಯ ಫ್ರೀಜರಿನ ಮುಂದೆ ಯಾರಾದರೂ ಕೋಳಿ ಸಾಸೇಜಿನ ಪೊಟ್ಟಣ ಹಿಡಿದು ನಿಂತದ್ದು ಕಂಡರೆ ಸಾಕು, ತನ್ನ ಬುಟ್ಟಿಯನ್ನು ಅಲ್ಲೇ ನೆಲಕ್ಕಿಟ್ಟು, ಅವರ ಕೈಯಿಂದ ಪೊಟ್ಟಣ ಕಿತ್ತುಕೊಂಡು, ಹಿಂಬದಿಗೆ ತಿರುಗಿಸಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಪಾಠ ಶುರುಮಾಡುತ್ತಿದ್ದಳು. ಪಾಠ ಬೇಕೆಂದು ಕೇಳಿದವರು ಯಾರೂ ಇರಲಿಲ್ಲ. ಕೇಳಲಿ ಎಂದು ಕಾಯುವ ಜಾಯಮಾನವೂ ಅವಳದಲ್ಲ.

"ಮುಂದಿನ ಚಿತ್ರ ನೋಡ್ಬೇಡಮ್ಮ. ಚಿತ್ರದಲ್ಲಿ ಕೋಳಿ ಹುಲ್ಲಲ್ಲಿ ಓಡಾಡ್ತಿದೆ. ಒಳಗಿರೋ ಕೋಳಿ ಹುಲ್ಲು ಕಂಡೇ ಇಲ್ಲ," ಎಂದು ಎದುರುಮನೆಯ ಸೊಸೆಗೆ ಒಂದು ಸಲ ಹೇಳಿದಳು. "ಹಿಂದೆ ಓದು. ಯಾವ್ದು ತೂಕದಲ್ಲಿ ಜಾಸ್ತಿಯೋ ಅದನ್ನ ಮೊದಲು ಬರೀಬೇಕು. ಆಮೇಲೆ ಇಳೀತಾ ಹೋಗತ್ತೆ. ಈಗ ಇಲ್ಲಿ ಮೊದಲನೇದು ಏನಿದೆ?"

"ಯಾಂತ್ರಿಕವಾಗಿ ಬೇರ್ಪಡಿಸಿದ ಕೋಳಿಮಾಂಸ," ಎಂದು ಸೊಸೆ ಓದಿದಳು.

"ಹಾಂ! ಎರಡನೇದು?"

"ನೀರು."

"ಅಲ್ಲಿಗೆ ಮುಗೀತು. ಮೂಳೆ ಹಿಂಡಿದ ಪೇಸ್ಟು, ಮೇಲೆ ನೀರು. ವಾಪಸ್ ಇಡು. ಇದು ತಗೋ, ನಗೆಟ್ಸು. ಮೊದಲನೇ ಮಾತೇ 'ಕೋಳಿ ಎದೆಮಾಂಸ' ಅಂತಿದೆ, ಪಕ್ಕದಲ್ಲಿ ಶೇಕಡಾ ಎಷ್ಟು ಅಂತಾನೂ ಬರ್ದಿದಾರೆ."

"ಕೊನೇಲಿ ಇದೇನಕ್ಕಾ, ಬರೀ ನಂಬರು?"

"ಅವೆಲ್ಲ ಸರ್ಕಾರ ಒಪ್ಪಿರೋ ನಂಬರು. ಅದರ ತಂಟೆಗೆ ಹೋಗ್ಬೇಡ. ನೀನು ಮಾಂಸ ನೋಡು."

ಸೊಸೆ ತಲೆಯಾಡಿಸಿ ನಗೆಟ್ಸ್ ಪೊಟ್ಟಣವನ್ನು ಬುಟ್ಟಿಗೆ ಹಾಕಿಕೊಂಡಳು. ಲೇಬಲ್ಲಕ್ಕ ಯುದ್ಧ ಗೆದ್ದವಳ ಠೀವಿಯಿಂದ ಮನೆಗೆ ಬಂದಳು. ಇಂಥ ಯುದ್ಧಗಳನ್ನು ಅವಳು ವಾರಕ್ಕೆ ಎರಡು ಮೂರಾದರೂ ಗೆಲ್ಲುತ್ತಿದ್ದಳು.

ಬಾಯಿಗೆ ಬಂದದ್ದನ್ನು ಒದರುವ ಹೆಂಗಸು ಅವಳಲ್ಲ ಎಂಬುದನ್ನೂ ಹೇಳಬೇಕು. ಊರಾಚೆಯ ಕೋಳಿಮಾಂಸದ ಕಾರ್ಖಾನೆಯಲ್ಲಿ ಅವಳು ಇಪ್ಪತ್ತು ವರ್ಷ ಸವೆಸಿ, ಇನ್ನೂ ಅಲ್ಲೇ ದುಡಿಯುತ್ತಿದ್ದಳು. ಮೊದಲ ಒಂಬತ್ತು ವರ್ಷ ಮೂಳೆ ಯಂತ್ರದ ಬಳಿ. ಪಕ್ಕದ ಕೋಣೆಯಲ್ಲಿ ಚಾಕು ಹಿಡಿದವರು ಕೋಳಿಯ ಎದೆ, ತೊಡೆ, ರೆಕ್ಕೆ ಬಿಡಿಸಿಕೊಂಡ ಮೇಲೆ ಉಳಿಯುವ ಬೆನ್ನು, ಕುತ್ತಿಗೆ, ಪಕ್ಕೆಲುಬಿನ ಗೂಡು ಡಬ್ಬಗಳಲ್ಲಿ ತುಂಬಿ ಅವಳ ಮುಂದೆ ಬರುತ್ತಿದ್ದವು. ಅವನ್ನು ಅವಳು ಯಂತ್ರದ ಬಾಯಿಗೆ ಸುರಿಯುತ್ತಿದ್ದಳು. ಒಳಗೆ ದಪ್ಪನೆಯ ತಿರುಪೊಂದು ಮೂಳೆಗಳನ್ನು ಜಜ್ಜುತ್ತ, ಸಣ್ಣ ಸಣ್ಣ ತೂತಿನ ಉಕ್ಕಿನ ಜರಡಿಗೆ ಒತ್ತುತ್ತಿತ್ತು. ಮೂಳೆಗೆ ಅಂಟಿದ್ದ ಮಾಂಸ, ಕೊಬ್ಬು, ಮಜ್ಜೆ ಎಲ್ಲ ತೂತುಗಳಿಂದ ಜಿನುಗಿ ಬಂದರೆ, ಗಟ್ಟಿ ಮೂಳೆ ಇನ್ನೊಂದು ತುದಿಯಲ್ಲಿ ಒಣ ಪುಡಿಯಾಗಿ ಉದುರುತ್ತಿತ್ತು. ಜಿನುಗಿದ್ದು ತೆಳು ಗುಲಾಬಿ ಬಣ್ಣದ ಹಿಟ್ಟು. ಅದಕ್ಕೆ ಮಾಂಸದ ಎಳೆಯೂ ಇಲ್ಲ, ಆಕಾರವೂ ಇಲ್ಲ. ತಿಕ್ಕಾಟಕ್ಕೆ ಬಿಸಿಯೇರಿದ್ದ ಅದನ್ನು ತಕ್ಷಣ ತಣಿಸದಿದ್ದರೆ ಬೇಗ ಕೆಡುತ್ತಿತ್ತು. ಲ್ಯಾಬಿನವರು ದಿನಾ ಬಂದು ಒಂದು ಚಮಚ ಒಯ್ದು ಸುಣ್ಣದ ಅಂಶ ಅಳೆಯುತ್ತಿದ್ದರು. ಸುಣ್ಣ ಏರಿದರೆ ಜರಡಿಯಿಂದ ಮೂಳೆಪುಡಿ ನುಸುಳುತ್ತಿದೆ ಎಂದರ್ಥ.

ಆ ಹಿಟ್ಟು ವಿಷವೇನಲ್ಲ. ಬೇಯಿಸಿದರೆ ತಿನ್ನುವ ಪದಾರ್ಥವೇ, ಕಾನೂನು ಒಪ್ಪಿದ್ದೇ, ಲೇಬಲ್ಲಿನ ಮೇಲೆ ಹೆಸರು ಹೇಳಿ ಹಾಕಬೇಕು ಅಷ್ಟೇ. ಸಾಸೇಜಿಗೆ, ಅಗ್ಗದ ಪ್ಯಾಟಿಗೆ ಅದೇ ಆಧಾರ. ಆದರೆ ಒಂಬತ್ತು ವರ್ಷ ಅದರ ವಾಸನೆಯನ್ನು ಕೂದಲಲ್ಲಿ ಹೊತ್ತು ಮನೆಗೆ ಬಂದವಳಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಜಗತ್ತಿನಲ್ಲಿ ಕೋಳಿಮಾಂಸ ಎರಡೇ ಬಗೆ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು: ಪೇಸ್ಟು, ಪೇಸ್ಟಲ್ಲದ್ದು. ಪೇಸ್ಟು ಕೆಟ್ಟದ್ದು, ಮಿಕ್ಕದ್ದೆಲ್ಲ ಒಳ್ಳೆಯದು. ಆ ತೀರ್ಮಾನವನ್ನು ಮತ್ತೆ ಬಿಚ್ಚಿ ನೋಡುವ ಪ್ರಮೇಯ ಅವಳಿಗೆ ಬರಲೇ ಇಲ್ಲ.

ಬೆನ್ನು ಹಿಡಿದುಕೊಂಡ ಮೇಲೆ ಅವಳನ್ನು ಪುಡಿಕೋಣೆಗೆ ಹಾಕಿದರು. ಅಲ್ಲಿ ತಕ್ಕಡಿ, ಡಬ್ಬಿಗಳು, ಗೋಡೆಗೆ ಅಂಟಿಸಿದ ಒಂದು ಹಾಳೆ. ನಗೆಟ್ಸಿನ ಒಂದು ಪಾಳಿಗೆ ಉಪ್ಪು ಇಷ್ಟು, ಮೆಣಸು ಇಷ್ಟು, ಬಿ ಪುಡಿ ಇಷ್ಟು. ಅವಳು ತೂಗಿ ಕಳಿಸಿದ್ದನ್ನು ನೀರಲ್ಲಿ ಕರಗಿಸಿ, ಎದೆಮಾಂಸದ ತುಂಡುಗಳ ಜೊತೆ ದೊಡ್ಡ ಪೀಪಾಯಿಯಲ್ಲಿ ಉರುಳಿಸುತ್ತಿದ್ದರು. ಮಾಂಸ ನೀರು ಕುಡಿದು ಅಂಟಂಟಾಗುತ್ತಿತ್ತು. ಅಚ್ಚಿಗೆ ಒತ್ತಿದರೆ ಬಿಡದೆ ಕೂರುತ್ತಿತ್ತು, ಕರಿದರೆ ರಸ ಒಳಗೇ ಉಳಿಯುತ್ತಿತ್ತು. ಅದು ಬಿ ಪುಡಿಯ ಮಹಿಮೆ ಎಂದು ಎಲ್ಲರಿಗೂ ಗೊತ್ತಿತ್ತು. ಅದು ಏನು ಪುಡಿ ಎಂದು ಯಾರೂ ಕೇಳಿರಲಿಲ್ಲ. ಹಾಳೆಯ ಮೇಲೆ ಬಿ ಎಂದಿತ್ತು, ಡಬ್ಬಿಯ ಮೇಲೂ ಬಿ ಎಂದಿತ್ತು. ಹನ್ನೊಂದು ವರ್ಷ ಅವಳು ಬಿ ತೂಗಿದಳು. ಊರಿನವರ ಪೊಟ್ಟಣ ಓದುವವಳು ತನ್ನ ಕೈಯಲ್ಲಿದ್ದ ಡಬ್ಬಿಯನ್ನು ಓದಲಿಲ್ಲ.

ಗಂಡ ಟೈಲರ್. ಮಕ್ಕಳಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡು ಶಾಲೆಯ ಸಮವಸ್ತ್ರ, ನರ್ಸುಗಳ ಕೋಟು ಹೊಲಿಯುತ್ತಿದ್ದ. ಮಾತು ಕಮ್ಮಿ, ಅಳತೆ ಸರಿ. ಸಂಜೆ ಒಂದು ಗಂಟೆ ಬೀದಿಯ ಕೊನೆಯ ಕಟಿಂಗ್ ಶಾಪಿನ ಬೆಂಚಿನ ಮೇಲೆ ಕೂತು, ಕ್ಷೌರದವನ ಜೊತೆ ಚೆಸ್ ಆಡಿ ಬರುವುದು ಅವನಿಗಿದ್ದ ಒಂದೇ ಚಟ. ಲೇಬಲ್ಲಕ್ಕನ ಬಾಯಿಯ ಮುಂದೆ ಅವನ ಬಾಯಿ ಎಂದೂ ತೆರೆದದ್ದಿಲ್ಲ, ತೆರೆಯುವ ಅಗತ್ಯವೂ ಅವನಿಗೆ ಕಂಡಿರಲಿಲ್ಲ.

ಅವನ ಮೂತ್ರಪಿಂಡಗಳು ಕೈಕೊಟ್ಟಾಗ ಅವನಿಗೆ ಅರವತ್ತೊಂದು. ವಾರಕ್ಕೆ ಮೂರು ದಿನ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್. ಕಾರ್ಖಾನೆಯ ಆಸ್ಪತ್ರೆ ಕಾರ್ಡು ಇದ್ದುದರಿಂದ ಅದು ನಡೆಯಿತು; ಅವಳ ಕೆಲಸ ಇರುವವರೆಗೆ ಅವನ ಪ್ರಾಣ, ಅಷ್ಟು ಸರಳ ಲೆಕ್ಕ. ಡಯಾಲಿಸಿಸ್ ಸೆಂಟರಿನಲ್ಲಿ ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳುವ ಒಬ್ಬ ಹುಡುಗಿಯಿದ್ದಳು. ರೋಗಿಗಳು ಅವಳನ್ನು ಡಯಟ್ ಮೇಡಂ ಎನ್ನುತ್ತಿದ್ದರು. ಅವಳು ಮೊದಲ ದಿನವೇ ಗಂಡ ಹೆಂಡತಿಯನ್ನು ಕೂರಿಸಿಕೊಂಡು ಬಿಡಿಸಿ ಹೇಳಿದಳು.

"ರಕ್ತದಲ್ಲಿ ಫಾಸ್ಫರಸ್ ಅಂತ ಒಂದಿದೆ. ಕಿಡ್ನಿ ಕೆಟ್ಟ ಮೇಲೆ ಅದು ಹೊರಗೆ ಹೋಗಲ್ಲ, ಮೆಷಿನ್ನೂ ಪೂರ್ತಿ ತೆಗೆಯಲ್ಲ. ಜಾಸ್ತಿ ಉಳಿದ್ರೆ ಮೈ ತುರಿಕೆ, ರಕ್ತನಾಳ ಗಟ್ಟಿಯಾಗತ್ತೆ, ಮೂಳೆ ಟೊಳ್ಳಾಗತ್ತೆ. ಹಾಲು, ಮೊಸರು, ಕಡಲೆಕಾಯಿ, ಕೋಲಾ ಇವೆಲ್ಲ ಕಮ್ಮಿ ಮಾಡ್ಬೇಕು. ಆದ್ರೆ ಪ್ರೋಟೀನ್ ಬೇಕೇ ಬೇಕು, ಕೋಳಿ ಕೊಡಿ. ಪ್ಯಾಕೆಟ್ ಮಾಂಸ ಮಾತ್ರ ಬೇಡ. ಮನೇಲಿ ತರ್ತೀರಾ?"

"ಪ್ಯಾಕೆಟ್ಟಾ? ನಮ್ಮನೆಗಾ?" ಲೇಬಲ್ಲಕ್ಕ ನಕ್ಕೇಬಿಟ್ಟಳು. "ಒಂದು ಪ್ಯಾಕೆಟ್ಟೂ ಒಳಗೆ ಬಂದಿಲ್ಲ ಮೇಡಂ. ಆ ಪೇಸ್ಟಿನ ಕಥೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಅದು ನಿಜವೇ. ಅವರ ಮನೆಗೆ ಪ್ಯಾಕೆಟ್ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಚೀಲ. ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು: ಮೂಲೆ ಮುರಿದ, ಒಂದಕ್ಕೊಂದು ಅಂಟಿಕೊಂಡ, ಪುಡಿ ಉದುರಿದ ನಗೆಟ್ಸುಗಳನ್ನು ಮಾರಲಾಗದು, ಆದರೆ ತಿನ್ನಲು ಅಡ್ಡಿಯಿಲ್ಲ ಎಂದು ವಾರದ ಕೊನೆಯ ಪಾಳಿಯಲ್ಲಿ ಕೆಲಸದವರಿಗೆ ಹಂಚುತ್ತಿದ್ದರು. ಬಿಳಿಯ ಪ್ಲಾಸ್ಟಿಕ್ ಚೀಲ, ಬಾಯಿಗೆ ಒಂದು ಗಂಟು. ಮಾರುವ ಸರಕಲ್ಲ, ಆದ್ದರಿಂದ ಮೇಲೆ ಚೀಟಿಯಿಲ್ಲ, ಪಟ್ಟಿಯಿಲ್ಲ. ಲೇಬಲ್ಲಕ್ಕ ಆ ಚೀಲವನ್ನು ಎದೆಗವಚಿಕೊಂಡು ತರುತ್ತಿದ್ದಳು. ಎದೆಮಾಂಸ, ಪೇಸ್ಟು ಸೋಂಕದ ಮಾಂಸ, ಸ್ವತಃ ತಾನು ಮಸಾಲೆ ತೂಗಿದ ಮಾಂಸ. ಗಂಡನಿಗೆ ಉಪ್ಪು ಕಮ್ಮಿ ಮಾಡಬೇಕಲ್ಲ ಎಂದು ಹೊರಗಿನ ಬ್ರೆಡ್ ಪುಡಿಯನ್ನು ಚಾಕುವಿನಿಂದ ಕೆತ್ತಿ, ಒಳಗಿನ ಬಿಳಿ ಮಾಂಸವನ್ನು ಬೇಯಿಸಿ ದಿನಾ ಮಧ್ಯಾಹ್ನ ತಟ್ಟೆಗೆ ಹಾಕುತ್ತಿದ್ದಳು. ಅಷ್ಟು ಮುತುವರ್ಜಿಯ ಹೆಂಡತಿ ಆ ಬೀದಿಯಲ್ಲಿ ಇನ್ನೊಬ್ಬಳಿರಲಿಲ್ಲ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ನಿಜವಾಗಿಯೂ ಇರಲಿಲ್ಲ.

ಫಾಸ್ಫರಸ್ ಇಳಿಯಲಿಲ್ಲ. ಐದೂವರೆಯ ಒಳಗಿರಬೇಕಾದದ್ದು ಏಳೂವರೆ, ಏಳೂಮುಕ್ಕಾಲು, ಒಂದು ತಿಂಗಳು ಎಂಟು. ಫಾಸ್ಫರಸ್ ತಡೆಯಲೆಂದು ಊಟದ ಜೊತೆ ನುಂಗಬೇಕಾದ ಮಾತ್ರೆಯನ್ನು ಅವಳೇ ಎದುರು ನಿಂತು ನುಂಗಿಸಿ, ಬಾಯಿ ತೆರೆಸಿ ನೋಡುತ್ತಿದ್ದಳು. ಹಾಲಿನ ಪಾತ್ರೆಗೆ ಕಪಾಟಿನಲ್ಲಿ ಬೀಗ ಬಿತ್ತು. ಕಡಲೆಕಾಯಿ, ಚೀಸ್, ಬಿಸ್ಕತ್ತು ಮನೆ ಬಿಟ್ಟವು. ಆದರೂ ಗಂಡ ಮೈ ತುರಿಸಿಕೊಂಡು ತುರಿಸಿಕೊಂಡು ತೋಳು ರಕ್ತ ಮಾಡಿಕೊಳ್ಳುತ್ತಿದ್ದ.

"ಎಲ್ಲೋ ಏನೋ ತಿಂತಿದಾರೆ ಅಮ್ಮ," ಎಂದಳು ಡಯಟ್ ಮೇಡಂ ಬೇಸರದಿಂದ. "ತಿನ್ನದೆ ಹೀಗೆ ಏರಲ್ಲ."

ಆ ಮಾತು ಲೇಬಲ್ಲಕ್ಕನ ತಲೆಯಲ್ಲಿ ಕೂತಿತು. ತಾನು ಇಷ್ಟು ಮಾಡುತ್ತಿರುವಾಗ ಅಂಕಿ ಏರುತ್ತದೆ ಎಂದರೆ ಈ ಮನುಷ್ಯ ಕದ್ದು ತಿನ್ನುತ್ತಿದ್ದಾನೆ. ಬೇರೆ ದಾರಿಯೇ ಇಲ್ಲ. ಮನೆಗೆ ಬಂದವಳೇ ಅವನ ಜೇಬು ಜಾಲಾಡಿದಳು, ಹೊಲಿಗೆ ಯಂತ್ರದ ಡ್ರಾಯರ್ ಬೋರಲು ಹಾಕಿದಳು. ಸಿಕ್ಕಿದ್ದು ಗುಂಡಿ, ಸೀಮೆಸುಣ್ಣ, ಮೊಂಡು ಸೂಜಿ.

"ನಾನು ಏನೂ ತಿಂತಿಲ್ಲ ಕಣೇ," ಎಂದ ಗಂಡ.

"ಮತ್ತೆ ರಕ್ತ ಸುಳ್ಳು ಹೇಳತ್ತಾ?"

ಅವನು ಸ್ವಲ್ಪ ಹೊತ್ತು ಯೋಚಿಸಿದ. ಬಟ್ಟೆ ಕತ್ತರಿಸುವ ಮೊದಲು ಯೋಚಿಸುವ ಹಾಗೆ. ಆಮೇಲೆ ಮೆಲ್ಲಗೆ ಹೇಳಿದ: "ಎಲ್ಲದಕ್ಕೂ ಬೀಗ ಹಾಕಿದೀಯ. ನಾನು ತಿನ್ನೋದ್ರಲ್ಲಿ ಬದಲಾಗದೆ ಉಳಿದಿರೋದು ಒಂದೇ. ನಿನ್ನ ಫ್ಯಾಕ್ಟರಿ ಚೀಲ. ಅದನ್ನ ಒಂದು ಸಲ ಮೇಡಂಗೆ ತೋರ್ಸಿದ್ರೆ ಆಗಲ್ವಾ?"

ಲೇಬಲ್ಲಕ್ಕ ಕೆಂಡಾಮಂಡಲವಾದಳು. ಇಪ್ಪತ್ತು ವರ್ಷ ಕೋಳಿಯ ಒಳಗು ಹೊರಗು ಕಂಡವಳಿಗೆ, ಒಂದು ಕೋಳಿಯನ್ನೂ ಕೊಯ್ಯದ ಟೈಲರ್ ಪಾಠ ಹೇಳುವುದೇ? ತಿಂದ ತಪ್ಪನ್ನು ತಂದವಳ ತಲೆಗೆ ಕಟ್ಟುವುದೇ? ಅವಳು ಮೂರು ದಿನ ಅವನ ಜೊತೆ ಮಾತಾಡಲಿಲ್ಲ. ತಟ್ಟೆಯನ್ನು ಮಾತ್ರ ಮುಂದೆ ಕುಕ್ಕಿದಳು. ತಟ್ಟೆಯಲ್ಲಿ ಅದೇ ಬಿಳಿ ಮಾಂಸ. ಅವನು ತಿಂದ. ಮತ್ತೆ ಆ ಮಾತು ಎತ್ತಲಿಲ್ಲ.

ನಾಲ್ಕನೆಯ ದಿನ ಅವಳಿಗೆ ಕಟಿಂಗ್ ಶಾಪು ನೆನಪಾಯಿತು. ಗಂಡ ಅವಳ ಕಣ್ಣಿಂದ ಮರೆಯಾಗುವ ಒಂದೇ ಜಾಗ ಅದು. ಕ್ಷೌರದವನು ಗಿರಾಕಿಗಳಿಲ್ಲದ ಹೊತ್ತಲ್ಲಿ ಕಡಲೆಕಾಯಿ ಸುಲಿದು ತಿನ್ನುವುದನ್ನು ಅವಳೇ ಎಷ್ಟೋ ಸಲ ಕಂಡಿದ್ದಳು. ಸಂಜೆ ನೆಟ್ಟಗೆ ಹೋಗಿ ನಿಂತಳು. ಕುರ್ಚಿಯಲ್ಲಿ ಒಬ್ಬ, ಬೆಂಚಿನಲ್ಲಿ ಮೂವರು, ಅವರ ನಡುವೆ ಅವಳ ಗಂಡ, ತೊಡೆಯ ಮೇಲೆ ಚೆಸ್ ಹಲಗೆ. ಹಲಗೆಯ ಪಕ್ಕದಲ್ಲಿ ಕಾಗದದ ಮೇಲೆ ಸಿಪ್ಪೆ.

"ನನ್ನ ಗಂಡನ್ನ ಕೊಲ್ಲೋಕೆ ಕೂತಿದೀಯೇನೋ?" ಎಂದು ಅವಳು ಕ್ಷೌರದವನ ಮೇಲೆ ಹರಿಹಾಯ್ದಳು. "ನಾನು ಮನೇಲಿ ತೂಕ ಹಾಕಿ ತೂಕ ಹಾಕಿ ಕೊಡ್ತೀನಿ, ನೀನು ಇಲ್ಲಿ ಕಡಲೆಕಾಯಿ ತಿನ್ಸಿ ಕಳಿಸ್ತೀಯ! ಇವರಂತೂ ಸುಳ್ಳುಗಾರ ಆದ್ರು, ನಿನಗಾದ್ರೂ ಬುದ್ಧಿ ಬೇಡ್ವಾ?"

ಕ್ಷೌರದವನ ಕೈಯ ಕತ್ತರಿ ಗಾಳಿಯಲ್ಲಿ ನಿಂತಿತು. "ಅಕ್ಕಾ, ಅಣ್ಣ ಇಲ್ಲಿ ನೀರೂ ಕುಡಿಯಲ್ಲ," ಎಂದು ಶುರುಮಾಡಿದ. ಅಷ್ಟರಲ್ಲಿ ಟೈಲರ್ ಎದ್ದ. ಬೆಂಚಿನವರೆಲ್ಲ ನೋಡುತ್ತಿದ್ದರು. ಅವಳು ಏದುಸಿರು ಬಿಡುತ್ತಿದ್ದಳು, ಕಣ್ಣು ತುಂಬಿತ್ತು.

"ಹೌದು, ತಿಂತಿದ್ದೆ," ಎಂದ ಅವನು. "ನಾನೇ ಕೇಳಿ ಇಸ್ಕೊಂಡು ತಿಂತಿದ್ದೆ. ಅವನ್ನ ಬೈಬೇಡ. ನಡಿ ಮನೆಗೆ."

ಅವಳಿಗಾದ ಸಮಾಧಾನವನ್ನು ಏನೆಂದು ಹೇಳುವುದು! ದಾರಿಯುದ್ದಕ್ಕೂ ಅತ್ತಳು, ಬೈದಳು, ಮನೆಗೆ ಬಂದು ಅವನ ಕಾಲಿಗೆ ಎಣ್ಣೆ ಹಚ್ಚಿದಳು. ಕಳ್ಳ ಸಿಕ್ಕಿದ್ದ. ಅಂದಿನಿಂದ ಕಟಿಂಗ್ ಶಾಪು ಬಂದ್. ಅವನು ಮನೆಯಲ್ಲೇ ಗಡ್ಡ ಕೆರೆದುಕೊಂಡ, ಸಂಜೆ ಕಿಟಕಿಯ ಬಳಿ ಕೂತು ಬೀದಿ ನೋಡಿದ. ಡಯಟ್ ಮೇಡಂಗೂ ಅವಳು ಹೇಳಿದಳು, ಸಿಕ್ಕಿಹಾಕಿಕೊಂಡರು ಎಂದು. ರೋಗಿಗಳೆಲ್ಲ ನಕ್ಕರು. ಅವನೂ ನಕ್ಕ.

ಮುಂದಿನ ತಿಂಗಳೂ ಅಂಕಿ ಏಳೂವರೆಯೇ. ಅದರ ಮುಂದಿನ ತಿಂಗಳೂ ಅಷ್ಟೇ. ಈಗ ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಒಮ್ಮೆ ಕದ್ದವನು ಇನ್ನೊಂದು ದಾರಿ ಹುಡುಕಿಕೊಂಡಿರುತ್ತಾನೆ ಎಂದು ನಂಬಿಬಿಟ್ಟಿದ್ದಳು. ವರ್ಷ ಕಳೆಯಿತು. ಒಂದು ಬೆಳಿಗ್ಗೆ ಬಚ್ಚಲ ಹೊಸ್ತಿಲಲ್ಲಿ ಅವನು ಜಾರಿದ. ದೊಡ್ಡದಾಗಿ ಬಿದ್ದದ್ದೇನಲ್ಲ, ಮಗು ಬಿದ್ದರೆ ಎದ್ದು ಓಡುವಂಥದ್ದು. ಅವನ ತೊಡೆಮೂಳೆ ಸೊಂಟದ ಬಳಿ ಮುರಿಯಿತು. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಮೂಳೆಯಲ್ಲಿ ಸತ್ವವೇ ಉಳಿದಿಲ್ಲ, ರಾಡು ಹಾಕಿದ್ದೇವೆ, ಆದರೆ ಇನ್ನು ತಾವಾಗಿ ನಡೆಯುವುದು ಕಷ್ಟ ಎಂದರು. ಅವನು ಗಾಲಿಕುರ್ಚಿಗೆ ಬಿದ್ದ. ಹೊಲಿಗೆ ಯಂತ್ರದ ಪೆಡಲ್ ತುಳಿಯುವ ಕಾಲು ಅದೇ.

"ಇನ್ನೂ ತಿನ್ನಿ," ಎಂದಿದ್ದಳು ಅವಳು ಆಸ್ಪತ್ರೆಯಲ್ಲಿ, ಸಂಕಟ ತಡೆಯಲಾರದೆ. ಆ ಎರಡು ಮಾತು ಅವಳ ಬಾಯಿಂದಲೇ ಬಂದವು.

ಅದಾಗಿ ಎರಡು ತಿಂಗಳಿಗೆ ಡಯಾಲಿಸಿಸ್ ಸೆಂಟರಿನ ಹೊರಗಿನ ಬೆಂಚಿನ ಮೇಲೆ ಅವಳು ಕೂತಿದ್ದಳು. ಒಳಗೆ ಗಂಡನಿಗೆ ಸೂಜಿ ಚುಚ್ಚಿದ್ದರು. ಪಕ್ಕದಲ್ಲಿ ಹೊಸ ರೋಗಿಯೊಬ್ಬನ ತಾಯಿ ಚೀಲದಿಂದ ನಗೆಟ್ಸ್ ಪೊಟ್ಟಣ ತೆಗೆದು, ಇದನ್ನು ಕೊಡಬಹುದೇ ಎಂದು ಕೇಳಲು ಕಾಯುತ್ತಿದ್ದಳು. ಲೇಬಲ್ಲಕ್ಕನ ಕಾರ್ಖಾನೆಯದೇ ಪೊಟ್ಟಣ. ಅವಳ ಕೈ ತಾನಾಗಿ ಮುಂದೆ ಹೋಯಿತು.

"ಕೊಡಿ ಇಲ್ಲಿ. ಓದೋ ರೀತಿ ಹೇಳ್ತೀನಿ. ಮೊದಲನೇ ಮಾತು ನೋಡಿ, ಎದೆಮಾಂಸ. ಪೇಸ್ಟಿಲ್ಲ. ಧೈರ್ಯವಾಗಿ..."

"ಅಯ್ಯೋ, ಬೇಡ ಬೇಡ," ಎಂದು ಬಾಗಿಲಿಂದ ಬಂದ ಡಯಟ್ ಮೇಡಂ ಪೊಟ್ಟಣ ತೆಗೆದುಕೊಂಡಳು. "ಅಮ್ಮ, ಪೇಸ್ಟೋ ಅಲ್ವೋ ಅನ್ನೋದು ಇವರಿಗೆ ದೊಡ್ಡ ಮಾತಲ್ಲ. ಕಿಡ್ನಿಯವರು ಓದ್ಬೇಕಾದ್ದು ಕೊನೆಯಿಂದ. ಇಲ್ಲಿ ನೋಡಿ, ಸ್ಟೆಬಿಲೈಸರ್, ಆವರಣದಲ್ಲಿ 451, 452. ಈ 450, 451, 452 ಎಲ್ಲ ಫಾಸ್ಫೇಟು. ಮಾಂಸ ನೀರು ಹಿಡ್ಕೊಳ್ಳಲಿ ಅಂತ ಹಾಕ್ತಾರೆ. ಆರೋಗ್ಯವಾಗಿರೋರಿಗೆ ಮೂತ್ರದಲ್ಲಿ ಹೋಗತ್ತೆ. ಇವರಿಗೆ ಎಲ್ಲಿ ಹೋಗ್ಬೇಕು? ಮಾಂಸದಲ್ಲೇ ಇರೋ ಫಾಸ್ಫರಸ್ ಅರ್ಧ ಮುಕ್ಕಾಲು ಮೈಗೆ ಹತ್ತಿದ್ರೆ, ಈ ಪುಡಿಯದ್ದು ಹೆಚ್ಚುಕಮ್ಮಿ ಪೂರ್ತಿ ಹತ್ತತ್ತೆ. ಎಷ್ಟು ಅಂತ ಲೇಬಲ್ಲಲ್ಲೂ ಬರೆದಿರಲ್ಲ."

"ಮೇಲಿನ ಪುಡಿ ಕೆತ್ತಿ ತೆಗೆದ್ರೆ?" ಎಂದು ಲೇಬಲ್ಲಕ್ಕ ಕೇಳಿದಳು.

"ಅದು ಮಾಂಸದ ಒಳಗೇ ಇರತ್ತಮ್ಮ. ಕೆತ್ತಿ ಏನು ಬಂತು?"

ಮಾಂಸ ನೀರು ಹಿಡಿದುಕೊಳ್ಳಲಿ ಎಂದು ಹಾಕುವ ಪುಡಿ. ಅವಳಿಗೆ ಪುಡಿಕೋಣೆಯ ಬಿ ಡಬ್ಬಿ ನೆನಪಾಯಿತು.

ಮರುದಿನ ಪಾಳಿಗೆ ಒಂದು ಗಂಟೆ ಮುಂಚೆಯೇ ಹೋಗಿ, ಪುಡಿಕೋಣೆಯ ಹಿಂದಿನ ಗೋದಾಮಿಗೆ ನುಗ್ಗಿದಳು. ಬಿ ಡಬ್ಬಿಗೆ ತುಂಬುವ ಮೂಟೆಗಳು ಅಲ್ಲಿ ಸೂರಿನವರೆಗೆ ಪೇರಿಸಿದ್ದವು. ಮೂಟೆಯ ಹೊಲಿಗೆಯ ಬಳಿ ಅಂಗೈಯಗಲದ ಒಂದು ಚೀಟಿ. ಕನ್ನಡಕ ಜಾರಿಸಿ, ಬೆರಳಿಟ್ಟು, ಒಂದೊಂದೇ ಅಕ್ಷರ ಓದಿದಳು: ಸೋಡಿಯಂ ಟ್ರೈಪಾಲಿಫಾಸ್ಫೇಟ್, 451. ಸೋಡಿಯಂ ಪಾಲಿಫಾಸ್ಫೇಟ್, 452. ಚೀಟಿಯಲ್ಲಿ ಬೇರೆ ಯಾವ ಪದಾರ್ಥದ ಹೆಸರೂ ಇರಲಿಲ್ಲ. ಹನ್ನೊಂದು ವರ್ಷ ಅವಳ ಉಗುರಿನ ಸಂದಿಯಲ್ಲಿ ಕೂತಿದ್ದ ಬಿಳಿ ಪುಡಿಗೆ ಇಷ್ಟು ಉದ್ದದ ಹೆಸರಿತ್ತು. ಅವಳು ಮೂಟೆಗೆ ಒರಗಿ ಕೂತುಬಿಟ್ಟಳು. ಯಾರೂ ಅವಳಿಗೆ ಮೋಸ ಮಾಡಿರಲಿಲ್ಲ. ಮೂಟೆಯ ಮೇಲೆ ಬರೆದಿತ್ತು, ಪೊಟ್ಟಣದ ಮೇಲೆ ಬರೆದಿತ್ತು, ಎಲ್ಲ ಕಾನೂನಿನ ಪ್ರಕಾರವೇ ಇತ್ತು. ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ಅವಳು ಅವತ್ತು ಬದುಕಿಕೊಳ್ಳುತ್ತಿದ್ದಳು.

ಚೀಲ ತರುವುದನ್ನು ನಿಲ್ಲಿಸಿದಳು. ತನ್ನ ಪಾಲಿನ ಚೀಲವನ್ನು ಕಾರ್ಖಾನೆಯ ಇನ್ನೊಬ್ಬಳಿಗೆ ಕೊಟ್ಟು, ಮಾರುಕಟ್ಟೆಯಲ್ಲಿ ಕಣ್ಣೆದುರೇ ಕೊಯ್ಯಿಸಿದ ಕೋಳಿ ತಂದು ಬೇಯಿಸಿದಳು. ಗಂಡನಿಗೆ ಯಾಕೆಂದು ಹೇಳಲಿಲ್ಲ. ಹೇಳಲು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಮಾತ್ರೆ ನುಂಗಿದಿರಾ ಎಂದು ಕೇಳಿದಳು. ಒಳಗೊಳಗೆ ಅವಳಿಗೆ ಒಂದು ಕೆಟ್ಟ ಆಸೆಯಿತ್ತು: ಅಂಕಿ ಇಳಿಯದಿರಲಿ. ಇಳಿಯದಿದ್ದರೆ ತನ್ನ ಚೀಲದ ತಪ್ಪಲ್ಲ ಎಂದಾಯಿತು. ಗಂಡನ ರಕ್ತ ಸುಧಾರಿಸದಿರಲಿ ಎಂದು ಬೇಡಿಕೊಂಡ ಹೆಂಡತಿ ಅವಳು. ಅದೂ ಅವಳ ಬದುಕಿನ ಒಂದು ಭಾಗವೇ, ಮುಚ್ಚಿಡುವುದು ಸರಿಯಲ್ಲ.

ಒಂದು ತಿಂಗಳಿಗೆ ಆರೂಕಾಲಿಗೆ ಇಳಿಯಿತು. ಎರಡನೆಯ ತಿಂಗಳಿಗೆ ಐದು ಪಾಯಿಂಟ್ ಎರಡು. ಡಯಟ್ ಮೇಡಂ ಹಾಳೆ ಹಿಡಿದು ಹಾಸಿಗೆಗಳ ಸಾಲಿನ ನಡುವೆ ಹೆಚ್ಚುಕಮ್ಮಿ ಓಡಿಯೇ ಬಂದಳು.

"ನೋಡಿದ್ರಾ! ಈಗ ಕದ್ದು ತಿನ್ನೋದು ಬಿಟ್ರಿ, ಸರಿಹೋಯ್ತು. ಮೊದಲೇ ಅಮ್ಮನ ಮಾತು ಕೇಳಿದ್ರೆ ಈ ಕಾಲು ಉಳೀತಿತ್ತೋ ಏನೋ. ಇದೊಂದೇ ಕಾರಣ ಅಂತ ಹೇಳಲ್ಲ, ಆದ್ರೂ..."

ಅಕ್ಕಪಕ್ಕದ ಹಾಸಿಗೆಯವರು ಚಪ್ಪಾಳೆ ತಟ್ಟಿದರು. ಟೈಲರ್ ಹೆಂಡತಿಯ ಮುಖ ನೋಡಿದ. ಅವಳು ಅವನ ಹೊದಿಕೆಯ ಅಂಚನ್ನು ಸರಿಮಾಡಿದಳು. ಆಗ ಹೇಳಬಹುದಿತ್ತು. ಎಲ್ಲರೂ ಇದ್ದರು, ಒಂದೇ ಮಾತು ಸಾಕಿತ್ತು. ಅವಳು ಹೊದಿಕೆಯ ಇನ್ನೊಂದು ಅಂಚನ್ನೂ ಸರಿಮಾಡಿದಳು.

ಮನೆಗೆ ಬಂದು ಗಾಲಿಕುರ್ಚಿಯನ್ನು ಕಿಟಕಿಯ ಬಳಿ ನಿಲ್ಲಿಸಿದ ಮೇಲೆ ಅವಳಿಗೆ ಇನ್ನು ತಡೆಯಲಾಗಲಿಲ್ಲ. ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಬಿ ಪುಡಿ, ಮೂಟೆಯ ಚೀಟಿ, ಎರಡು ತಿಂಗಳಿಂದ ಚೀಲ ತರದೆ ಇದ್ದದ್ದು.

ಅವನು ಬೀದಿ ನೋಡುತ್ತಲೇ ಕೇಳಿದ. "ನಾನು ಕಡಲೆಕಾಯಿ ತಿಂದಿರಲಿಲ್ಲ," ಎಂದ ಕೊನೆಗೆ.

"ಗೊತ್ತಾಯ್ತು ರೀ. ಮತ್ಯಾಕೆ ಒಪ್ಕೊಂಡ್ರಿ?"

"ನಾಲ್ಕು ಜನರ ಮುಂದೆ ನಿಂತು ಅಳ್ತಿದ್ದೆ ನೀನು. ಇನ್ನೇನು ಮಾಡ್ಲಿ? ನಿನಗೊಬ್ಬ ಕಳ್ಳ ಬೇಕಿತ್ತು."

"ಚೀಲದ ಮೇಲೆ ಅನುಮಾನ ಇತ್ತಲ್ಲ, ಇನ್ನೊಂದು ಸಲ ಹೇಳ್ಬಾರ್ದಿತ್ತಾ?"

"ಒಂದು ಸಲ ಹೇಳಿದ್ದಕ್ಕೆ ಮೂರು ದಿನ ಮಾತು ಬಿಟ್ಟೆ. ನನಗೆ ಮನೇಲಿ ಮಾತಾಡೋಕೆ ಇನ್ಯಾರಿದ್ರು?"

ಅವಳು ಅವನ ಕಾಲು ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ, ತಲೆಯನ್ನೂ ಸವರಲಿಲ್ಲ.

"ಕ್ಷಮೆ ಗಿಮೆ ಎಲ್ಲ ಇರಲಿ," ಎಂದ. "ಒಂದು ಕೆಲಸ ಮಾಡು. ನನ್ನನ್ನ ಸುಳ್ಳುಗಾರ ಅಂದಿದ್ದು ಅವನ ಅಂಗಡೀಲಿ. ಅಲ್ಲಿಗೇ ಹೋಗಿ, ಅಲ್ಲ ಅಂತ ಹೇಳಿ ಬಾ."

ಸಂಜೆ ಅವಳು ಹೋದಳು. ಕುರ್ಚಿಯಲ್ಲಿ ಒಬ್ಬ ಗಿರಾಕಿ, ಬೆಂಚಿನ ಮೇಲೆ ಇಬ್ಬರು. ಕ್ಷೌರದವನು ಕನ್ನಡಿಯಲ್ಲೇ ಅವಳನ್ನು ನೋಡಿದ, ತಿರುಗಲಿಲ್ಲ. ಅವಳು ಬಾಗಿಲಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನನ್ನ ಗಂಡ ಇಲ್ಲಿ ಏನೂ ತಿಂದಿರಲಿಲ್ಲ. ನೀನು ಏನೂ ತಿನ್ಸಿರಲಿಲ್ಲ. ತಿನ್ಸಿದ್ದು ನಾನು. ನನ್ನ ಫ್ಯಾಕ್ಟರಿಯದ್ದು, ನನ್ನ ಕೈಯಾರೆ. ಅವರು ಸುಳ್ಳುಗಾರ ಅಲ್ಲ."

ಕ್ಷೌರದವನು ಗಿರಾಕಿಯ ಕಿವಿಯ ಹಿಂದಿನ ಕೂದಲನ್ನು ಪೂರ್ತಿ ಕತ್ತರಿಸಿ ಮುಗಿಸಿದ. ಬ್ರಷ್ಷಿನಿಂದ ಕತ್ತು ಒರೆಸಿದ. ಆಮೇಲೆ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದ:

"ಅಕ್ಕಾ, ಇದನ್ನ ಅಣ್ಣ ಸ್ವಂತ ಕಾಲಲ್ಲೇ ನಡ್ಕೊಂಡು ಇಲ್ಲಿಗೆ ಬರ್ತಿದ್ದಾಗ ಹೇಳಬೇಕಿತ್ತು."

ಅವಳು ಮನೆಗೆ ಬಂದಳು. ಮರುದಿನ ಬೆಳಗಿನ ಪಾಳಿಯಿತ್ತು, ಆಸ್ಪತ್ರೆಯ ಕಾರ್ಡು ಉಳಿಯಬೇಕಿತ್ತು. ಬೆಳಿಗ್ಗೆ ಎದ್ದು ಹೋಗಿ, ಬಿ ಡಬ್ಬಿಯ ಮುಚ್ಚಳ ತೆಗೆದು, ಹಾಳೆಯಲ್ಲಿ ಇದ್ದಷ್ಟನ್ನು ತೂಗಿ ಕಳಿಸಿದಳು.